ವೇಗ ಒಂದೂವರೆಯೂ ಆಗಲಿಲ್ಲ, ಶಕ್ತಿ ಇಮ್ಮಡಿ

27 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ ಸಾರಜನಕದ ಅಣುಗಳು ಸೆಕೆಂಡಿಗೆ ಸುಮಾರು 517 ಮೀಟರ್ ವೇಗದಲ್ಲಿ ಓಡುತ್ತಿರುತ್ತವೆ. ಶಬ್ದಕ್ಕೂ ಅಷ್ಟು ವೇಗವಿಲ್ಲ! ಆದರೆ ಎಲ್ಲ ಅಣುಗಳ ವೇಗ ಒಂದೇ ಅಲ್ಲ. ಚಲನಶಕ್ತಿ ವೇಗದ ವರ್ಗವನ್ನು ಅವಲಂಬಿಸಿರುವುದರಿಂದ, ಪ್ರತಿ ಅಣುವಿನ ವೇಗವನ್ನು ವರ್ಗ ಮಾಡಿ, ಸರಾಸರಿ ತೆಗೆದು, ಅದರ ವರ್ಗಮೂಲ ಕಂಡುಹಿಡಿಯುತ್ತಾರೆ. 517 ಎಂಬುದು ಹಾಗೆ ಸಿಕ್ಕ ಅಂಕಿ.

ಈಗ ಅನಿಲವನ್ನು ಎರಡು ಪಟ್ಟು ಬಿಸಿ ಮಾಡೋಣ. ವಿದ್ಯಾರ್ಥಿಗಳು ಎಡವುವುದು ಇಲ್ಲೇ. 27ರ ಇಮ್ಮಡಿ 54 ಅಲ್ಲವೇ? ಅಲ್ಲ. ಲೆಕ್ಕ ಕೆಲ್ವಿನ್‌ನಲ್ಲಿ ನಡೆಯಬೇಕು: 300 ಕೆಲ್ವಿನ್ 600 ಆಗಬೇಕು, ಅಂದರೆ 327 ಡಿಗ್ರಿ ಸೆಲ್ಸಿಯಸ್. ಬರೀ 54 ಡಿಗ್ರಿಗೆ ಏರಿಸಿದರೆ ಶಕ್ತಿ ಹೆಚ್ಚುವುದು ಶೇಕಡಾ 9ರಷ್ಟು ಮಾತ್ರ.

v = √(3RT/M)

ಸೂತ್ರದಲ್ಲಿ ತಾಪ T ವರ್ಗಮೂಲದೊಳಗಿದೆ. ಹಾಗಾಗಿ 600 ಕೆಲ್ವಿನ್‌ನಲ್ಲಿ ವೇಗ 1.41 ಪಟ್ಟಾಗಿ, 731 ಮೀಟರಿಗೆ ನಿಲ್ಲುತ್ತದೆ. ಅದನ್ನು ವರ್ಗ ಮಾಡಿದರೆ ಮಾತ್ರ ಸರಿಯಾಗಿ ಎರಡು ಪಟ್ಟು. ಸರಾಸರಿ ಚಲನಶಕ್ತಿಯೂ ಅಷ್ಟೇ ಏರಿದೆ.

ಸ್ವಾರಸ್ಯವೆಂದರೆ, 300 ಕೆಲ್ವಿನ್‌ನಲ್ಲಿ ಹಗುರವಾದ ಹೀಲಿಯಂ ಸೆಕೆಂಡಿಗೆ ಸುಮಾರು 1,370 ಮೀಟರ್ ಓಡಿದರೂ, ಅದರ ಕಣವೊಂದರ ಸರಾಸರಿ ಓಟದ ಶಕ್ತಿ ಸಾರಜನಕದ ಅಣುವಿನಷ್ಟೇ.