ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಅಗಲಿದಾಗ ಅನೇಕ ಸದ್ಭಕ್ತರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ತಾವಾಗಿಯೇ ವೈದ್ಯರ ಬಳಿಗೆ ಹೋದವರು ಅಷ್ಟು ಬೇಗ ಹೇಗೆ ಅಸುನೀಗಿದರು?

ಹೃದಯದ ಮಾಂಸಖಂಡಕ್ಕೆ ರಕ್ತ ಒಯ್ಯುವ ನಾಳವು ಮುಚ್ಚಿಕೊಳ್ಳುವುದೇ ಹೃದಯಾಘಾತ. ಆಗ ಹೃದಯ ಬಡಿಯುತ್ತಲೇ ಇರುತ್ತದೆ. ಎದೆ ಹಿಂಡಿದಂತಾಗಿ ತಣ್ಣನೆಯ ಬೆವರು ಬಂದರೂ ರೋಗಿ ಮಾತನಾಡಬಲ್ಲನು, ನಡೆಯಲೂಬಲ್ಲನು. ಹೃದಯ ಸ್ತಂಭನದಲ್ಲಾದರೋ ಹೃದಯದ ವಿದ್ಯುತ್ ಲಯವೇ ಕೆಟ್ಟು ರಕ್ತ ಹರಿಯುವುದು ನಿಲ್ಲುತ್ತದೆ. ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಮೊದಲನೆಯದು ಯಾವ ಗಳಿಗೆಯಲ್ಲಾದರೂ ಎರಡನೆಯದಕ್ಕೆ ತಿರುಗಬಹುದು. ಆದುದರಿಂದ ಎದೆನೋವು ಬಂದವರು ಮೊಳಕಾಲ್ಮೂರಿನಲ್ಲಿರಲಿ, ಚಳ್ಳಕೆರೆಯಲ್ಲಿರಲಿ, ‘ಗ್ಯಾಸ್ಟ್ರಿಕ್’ ಎಂದು ಕೂರದೆ, ತಾವೇ ಬೈಕ್ ಓಡಿಸದೆ, 108ಕ್ಕೆ ಕರೆಮಾಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಬೇಕು.

ನಾಯಕನಹಟ್ಟಿಯ ತೇರಿನ ದಿನ ಐವತ್ತೈದರ ನೇಕಾರರೊಬ್ಬರು ನಮ್ಮೆದುರೇ ಕುಸಿದರೆಂದು ಭಾವಿಸೋಣ. ಭುಜ ತಟ್ಟಿ ಕೂಗಿದರೂ ಓಗೊಡುವುದಿಲ್ಲ. ಹತ್ತು ಸೆಕೆಂಡಿನೊಳಗೆ ಉಸಿರಾಟ ನೋಡಬೇಕು. ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಎಳೆಯುವುದು ಉಸಿರಾಟವಲ್ಲ. ಅನೇಕರು ಮೋಸ ಹೋಗುವುದು ಇಲ್ಲಿಯೇ. ಒಬ್ಬರು 108ಕ್ಕೆ ಕರೆಮಾಡಲಿ, ಇನ್ನೊಬ್ಬರು ಎಇಡಿ ಯಂತ್ರವಿದ್ದರೆ ತರಲಿ. ಬಾಯಿಗೆ ನೀರು ಹಾಕುವುದು, ಕೈಗೆ ಕಬ್ಬಿಣ ಕೊಡುವುದು ಬೇಡ. ನಮ್ಮ ಅರ್ಜುನ ತೊಗಟೆಯ ಕಷಾಯಕ್ಕೂ ಈ ಹೊತ್ತಿನಲ್ಲಿ ಕೆಲಸವಿಲ್ಲವೆಂದು ಆಯುರ್ವೇದ ವೈದ್ಯರಾದ ನಾವೇ ಹೇಳುತ್ತೇವೆ.

ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಹಿಮ್ಮಡಿಭಾಗವನ್ನೂ ಅದರ ಮೇಲೆ ಇನ್ನೊಂದು ಕೈಯನ್ನೂ ಇಡಬೇಕು. ಅಲ್ಲಿಯೇ ಇಷ್ಟಲಿಂಗದ ಕರಡಿಗೆ ಇರುವುದುಂಟು. ಅನೇಕರು ಅದಕ್ಕೆ ಕೈಹಚ್ಚಲು ಹಿಂಜರಿಯುತ್ತಾರೆ. ಶಿವದಾರವನ್ನು ಕಡಿಯಬೇಕಿಲ್ಲ, ಕರಡಿಗೆಯನ್ನು ಹೆಗಲ ಪಕ್ಕಕ್ಕೆ ಸರಿಸಿದರೆ ಸಾಕು. ಮೊಣಕೈ ಮಡಿಸದೆ, ಐದು ಸೆಂಟಿಮೀಟರಿಗೆ ಕಡಿಮೆಯಾಗದಂತೆ, ಆರನ್ನು ಮೀರದಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಆಗಲೇ ಹೃದಯಕ್ಕೆ ರಕ್ತ ತುಂಬುವುದು. ಎರಡು ನಿಮಿಷದಲ್ಲಿ ತೋಳು ಸೋಲುತ್ತದೆ, ಆಳ ತಗ್ಗುತ್ತದೆ. ಆಗ ಇನ್ನೊಬ್ಬರು ಮುಂದುವರಿಸಲಿ.

ಎಇಡಿ ಬಂದೊಡನೆ ಅದನ್ನು ಚಾಲೂ ಮಾಡಿದರೆ ಅದೇ ನುಡಿದು ನಿರ್ದೇಶಿಸುತ್ತದೆ. ಬೆವರೊರಸಿ, ಒಂದು ಅಂಟುಪಟ್ಟಿಯನ್ನು ಬಲ ಕೊರಳೆಲುಬಿನ ಕೆಳಗೆ, ಇನ್ನೊಂದನ್ನು ಎಡ ಕಂಕುಳ ಕೆಳಗೆ ಹಚ್ಚಬೇಕು. ಪಟ್ಟಿಯಡಿ ಲೋಹ ಸಿಗಬಾರದು, ಕರಡಿಗೆಯನ್ನು ಸರಿಸಲು ಇದೂ ಕಾರಣ. ಯಂತ್ರ ಲಯವನ್ನು ಪರೀಕ್ಷಿಸುವಾಗಲೂ ಆಘಾತ ಕೊಡುವಾಗಲೂ ಯಾರೂ ರೋಗಿಯನ್ನು ಮುಟ್ಟಬಾರದು. ಹೃದಯ ಲಯತಪ್ಪಿ ಅದುರುತ್ತಿದ್ದರೆ ಮಾತ್ರ ಯಂತ್ರ ಆಘಾತಕ್ಕೆ ಹೇಳುತ್ತದೆ. ವಿದ್ಯುತ್ ಚಟುವಟಿಕೆ ಪೂರ್ತಿ ನಿಂತಿದ್ದರೆ ‘ಬೇಡ’ ಎನ್ನುತ್ತದೆ. ‘ಬೇಡ’ ಎಂದೊಡನೆ ಎಲ್ಲ ಮುಗಿಯಿತೆಂದು ಕೈಬಿಡುವವರಿದ್ದಾರೆ. ಹೃದಯ ಅದುರುತ್ತಿರುವಾಗ ಒತ್ತುವವರಿಲ್ಲದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಕುಸಿಯುತ್ತದೆ. ಯಂತ್ರ ಏನೇ ಹೇಳಲಿ, ಪಕ್ಕೆಲುಬು ಲಟಕ್ಕೆಂದರೂ ಸರಿ, ರೋಗಿ ಮಿಸುಕಾಡುವವರೆಗೆ ಅಥವಾ 108ರ ಸಿಬ್ಬಂದಿ ಬರುವವರೆಗೆ ಒತ್ತುತ್ತಲೇ ಇರಬೇಕು.