ಐದು ವೋಲ್ಟಿನ ಸೆನ್ಸರಿಗೆ ಎರಡು ರೆಸಿಸ್ಟರ್: ಲೆಕ್ಕ ಸರಿ ಇದೆಯೇ?

ಹನಿ ನೀರಾವರಿ ಇರುವ ತೋಟದಲ್ಲಿ ಫಿಲ್ಟರಿನ ಬಳಿ ಒಂದು ಪ್ರೆಷರ್ ಗೇಜ್ ಇರುತ್ತದೆ. ಪೈಪಿನೊಳಗೆ ಎಷ್ಟು ಕೆಜಿ ಪ್ರೆಷರ್ ಇದೆ ಎಂದು ಅದರ ಮುಳ್ಳು ತೋರಿಸುತ್ತದೆ. ಅದೇ ಅಳತೆ ಮನೆಯಲ್ಲಿ ಕುಳಿತವರ ಮೊಬೈಲಿಗೂ ಬರಬೇಕೆಂದರೆ ಪೈಪಿಗೆ ಒಂದು ಪ್ರೆಷರ್ ಸೆನ್ಸರ್ ಹಾಕಿ, ಅದರ ತಂತಿಯನ್ನು ಇಎಸ್‌ಪಿ32ರಂಥ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಜೋಡಿಸಬೇಕು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಎರಡೂ ಸಿಗುತ್ತವೆ. ತೊಡಕು ಇರುವುದು ಜೋಡಣೆಯಲ್ಲಿ. ಸೆನ್ಸರ್ ಕೆಲಸ ಮಾಡುವುದು 5 ವೋಲ್ಟಿನಲ್ಲಿ, ಬೋರ್ಡಿನ ಪಿನ್ ತಾಳಿಕೊಳ್ಳುವುದು 3.3 ವೋಲ್ಟಿನ ಸುತ್ತಮುತ್ತ.

ಈ ವ್ಯತ್ಯಾಸವನ್ನು ನೀಗಿಸಲು ಎರಡು ರೆಸಿಸ್ಟರ್ ಸಾಕು. ಒಂದರ ಹಿಂದೆ ಒಂದನ್ನು ಬೆಸೆದು, ಮೇಲಿನ ತುದಿಗೆ ಸೆನ್ಸರಿನ ಸಿಗ್ನಲ್ ತಂತಿಯನ್ನೂ ಕೆಳಗಿನ ತುದಿಗೆ ಗ್ರೌಂಡನ್ನೂ ಕೊಟ್ಟು, ನಡುವಿನಿಂದ ಪಿನ್ನಿಗೆ ತಂತಿ ಎಳೆಯುತ್ತಾರೆ. ಇದಕ್ಕೆ ವೋಲ್ಟೇಜ್ ಡಿವೈಡರ್ ಎಂದು ಹೆಸರು. ಎರಡರಲ್ಲೂ ಹರಿಯುವ ಕರೆಂಟು ಒಂದೇ ಆದ್ದರಿಂದ, ಹೆಚ್ಚು ಓಮ್ ಇರುವ ರೆಸಿಸ್ಟರಿನ ಪಾಲಿಗೆ ಹೆಚ್ಚು ವೋಲ್ಟ್ ಬೀಳುತ್ತದೆ. ಮೇಲಿನದು R1, ಕೆಳಗಿನದು R2 ಎಂದುಕೊಂಡರೆ ಸೂತ್ರ ಇಷ್ಟೇ:

```
Vpin = Vsensor × R2 / (R1 + R2)
```

ಹೆಚ್ಚಿನವರು ಇಲ್ಲಿಂದ ನೇರವಾಗಿ 10 ಕಿಲೋಓಮ್ ಮತ್ತು 20 ಕಿಲೋಓಮ್ ಜೋಡಿಗೆ ಹೋಗುತ್ತಾರೆ. 5ನ್ನು 20ರಿಂದ ಗುಣಿಸಿ 30ರಿಂದ ಭಾಗಿಸಿದರೆ 3.33 ವೋಲ್ಟ್. ಬೇಕಾಗಿದ್ದದ್ದು 3.3, ಬಂದದ್ದು ಅದೇ, ಲೆಕ್ಕ ಸರಿ ಎನಿಸುತ್ತದೆ. ಗುಣಾಕಾರ ಭಾಗಾಕಾರದ ಮಟ್ಟಿಗೆ ಅದು ಸರಿಯೇ. ಆದರೆ 3.3 ಎನ್ನುವುದು ದಾಟಬಾರದ ಗೆರೆ. ಆ ಗೆರೆಯ ಮೇಲೇ ಹೋಗಿ ನಿಲ್ಲಬೇಕಾದ ಕಾರಣ ನಮಗೆ ಯಾವುದೂ ಇಲ್ಲ. ಇದನ್ನು ಗಮನದಲ್ಲಿಟ್ಟು ಲೆಕ್ಕವನ್ನು ಮತ್ತೊಮ್ಮೆ ತಪಾಸಣೆ ಮಾಡೋಣ.

ಮೊದಲು ಕೇಳಬೇಕಾದ ಪ್ರಶ್ನೆ, ಪಿನ್ನಿಗೆ ಬರಬಹುದಾದ ಅತಿ ಹೆಚ್ಚು ವೋಲ್ಟ್ ಎಷ್ಟು? ಐದು ವೋಲ್ಟ್ ಎಂದು ನಾವು ಕರೆಯುವ ಯುಎಸ್‌ಬಿ ಪೂರೈಕೆ 5.25ರವರೆಗೂ ಇರಬಹುದು. ಸೆನ್ಸರ್ ಒಳಗೆ ಕೆಟ್ಟರೆ ಆ ಇಡೀ ವೋಲ್ಟೇಜ್ ಸಿಗ್ನಲ್ ತಂತಿಗೆ ಬರಬಹುದು. ಚಿನ್ನದ ಬಣ್ಣದ ಪಟ್ಟಿ ಇರುವ ಸಾಮಾನ್ಯ ರೆಸಿಸ್ಟರಿನ ಬೆಲೆ ಶೇಕಡಾ 5ರಷ್ಟು ಆಚೀಚೆ ಇರುತ್ತದೆ. ಮೇಲಿನ 10 ಕಿಲೋಓಮ್ ನಿಜದಲ್ಲಿ 9.5 ಆಗಿದ್ದು, ಕೆಳಗಿನ 20 ಕಿಲೋಓಮ್ 21 ಆಗಿದ್ದರೆ ಪಿನ್ನಿಗೆ ಬರುವುದು 5.25ನ್ನು 21ರಿಂದ ಗುಣಿಸಿ 30.5ರಿಂದ ಭಾಗಿಸಿದಷ್ಟು, ಎಂದರೆ 3.61 ವೋಲ್ಟ್. ಇಎಸ್‌ಪಿ32 ಚಿಪ್ಪಿನ ಪೂರೈಕೆ 3.3 ಇರುವಾಗ ಅದರ ಪಿನ್ನಿಗೆ ಕೊಡಬಹುದಾದ ಗರಿಷ್ಠ 3.6. ಕಾಗದದ ಮೇಲೆ ಸರಿಯಾಗಿಯೇ ಕಂಡ ಜೋಡಿ, ಎಲ್ಲ ವ್ಯತ್ಯಾಸಗಳೂ ಒಂದೇ ಕಡೆಗೆ ವಾಲಿದ ದಿನ ಗೆರೆ ದಾಟುತ್ತದೆ.

ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಪಿನ್ ತಾಳಿಕೊಳ್ಳುವ ವೋಲ್ಟೇಜನ್ನೆಲ್ಲ ಅದು ಸರಿಯಾಗಿ ಅಳೆಯುತ್ತದೆಯೇ? ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಎಡಿಸಿ ಎಂಬ ಭಾಗ ಚಿಪ್ಪಿನೊಳಗೇ ಇದೆ. ಅದು 0ಯಿಂದ 4095ರವರೆಗೆ ಎಣಿಸುತ್ತದೆ. ಆದರೆ ಇಎಸ್‌ಪಿ32ರಲ್ಲಿ ಅತಿ ವಿಶಾಲವಾದ ಅಳತೆಯ ವ್ಯವಸ್ಥೆ ಇಟ್ಟುಕೊಂಡಾಗಲೂ ತಯಾರಕರು ಶಿಫಾರಸು ಮಾಡುವ ವ್ಯಾಪ್ತಿ ಸುಮಾರು 0.15 ವೋಲ್ಟಿನಿಂದ 2.45 ವೋಲ್ಟಿನವರೆಗೆ ಮಾತ್ರ. ಅದರಾಚೆ ಅಂಕಿಗಳು ನೇರ ಗೆರೆ ಬಿಟ್ಟು ಬಾಗುತ್ತವೆ. ವೋಲ್ಟೇಜ್ ಇನ್ನೂ ಏರುತ್ತಿದ್ದರೂ ಎಣಿಕೆ ತುದಿ ಮುಟ್ಟಿ ನಿಂತುಬಿಡುತ್ತದೆ.

ನಮ್ಮ ಸೆನ್ಸರ್ 0ಯಿಂದ 10 ಬಾರ್ ಅಳೆಯುವಂಥದ್ದು ಎಂದಿಟ್ಟುಕೊಳ್ಳೋಣ. ತೋಟದಲ್ಲಿ ಒಂದು ಕೆಜಿ ಎನ್ನುವುದು ಹೆಚ್ಚು ಕಡಿಮೆ ಒಂದು ಬಾರ್. ಒತ್ತಡ ಸೊನ್ನೆ ಇದ್ದಾಗ ಈ ಬಗೆಯ ಸೆನ್ಸರ್ 0.5 ವೋಲ್ಟ್ ಕೊಡುತ್ತದೆ, 10 ಬಾರಿಗೆ 4.5 ವೋಲ್ಟ್. ಎಂದರೆ ಬಾರಿಗೆ 0.4 ವೋಲ್ಟ್. ಇದನ್ನು 10 ಮತ್ತು 20ರ ಜೋಡಿಗೆ ಕೊಟ್ಟರೆ 10 ಬಾರಿನಲ್ಲಿ ಪಿನ್ನಿಗೆ 3.0 ವೋಲ್ಟ್ ಬರುತ್ತದೆ. ಚಿಪ್ ಸುಡುವುದಿಲ್ಲ, ಆದರೆ ಅಳತೆ ಸುಳ್ಳಾಗುತ್ತದೆ. ಒತ್ತಡ ಹೆಚ್ಚಿದಾಗಲೇ ಎಚ್ಚರಿಕೆ ಬೇಕಿರುವುದು, ಅಲ್ಲೇ ಅಂಕಿ ನಂಬುವಂತಿಲ್ಲ.

ಹಾಗಾದರೆ ಎರಡೂ ರೆಸಿಸ್ಟರನ್ನು 10 ಕಿಲೋಓಮೇ ಇಟ್ಟು ನೋಡೋಣ. ಈಗ ಪಿನ್ನಿಗೆ ಬರುವುದು ಸರಿಯಾಗಿ ಅರ್ಧ. ಸೊನ್ನೆ ಒತ್ತಡಕ್ಕೆ 0.25 ವೋಲ್ಟ್, 10 ಬಾರಿಗೆ 2.25 ವೋಲ್ಟ್. ಎರಡೂ ತುದಿ ಚಿಪ್ ಚೆನ್ನಾಗಿ ಅಳೆಯುವ ವ್ಯಾಪ್ತಿಯೊಳಗೇ ಇವೆ. ಪೂರೈಕೆ 5.25ಕ್ಕೆ ಏರಿ, ಸೆನ್ಸರೂ ಕೆಟ್ಟು, ರೆಸಿಸ್ಟರುಗಳೂ ವಿರುದ್ಧ ದಿಕ್ಕಿಗೆ ಶೇಕಡಾ 5 ವಾಲಿದರೂ ಪಿನ್ನಿಗೆ 2.76 ವೋಲ್ಟ್ ಮೀರದು. ಎರಡಕ್ಕೂ ಒಂದೇ ಬೆಲೆ ಇರುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬೆಸೆದುಹೋಗುವ ಭಯವೂ ಇಲ್ಲ. ಒಂದು ವೇಳೆ ಗ್ರೌಂಡಿನ ಬೆಸುಗೆಯೇ ಬಿಟ್ಟುಹೋದರೆ ಡಿವೈಡರ್ ಡಿವೈಡರಾಗಿ ಉಳಿಯುವುದಿಲ್ಲ, ಸೆನ್ಸರಿನ ಪೂರ್ತಿ ವೋಲ್ಟೇಜ್ ಪಿನ್ನಿನ ಕಡೆಗೆ ಬರುತ್ತದೆ. ಆಗಲೂ ಮಧ್ಯೆ 10 ಕಿಲೋಓಮ್ ಇರುವುದರಿಂದ ಒಳಗೆ ನುಗ್ಗುವ ಕರೆಂಟು ಮಿಲಿಆಂಪಿನ ಸಣ್ಣದೊಂದು ಅಂಶ ಮಾತ್ರ. ಇದು ಶಾಶ್ವತ ರಕ್ಷಣೆಯಲ್ಲ, ಆದರೆ ತಪ್ಪು ಕಂಡುಹಿಡಿಯುವಷ್ಟು ಹೊತ್ತು ಚಿಪ್ಪನ್ನು ಉಳಿಸುವ ಸಾಧ್ಯತೆ ಹೆಚ್ಚು.

ಮೂರನೆಯ ಪ್ರಶ್ನೆ, ಸೂತ್ರದಲ್ಲಿ ಬರೆದ ಅನುಪಾತ ಬೋರ್ಡಿನ ಮೇಲೂ ಹಾಗೇ ಇದೆಯೇ? ಪೈಪಿನಲ್ಲಿ 3 ಬಾರ್ ಇದ್ದಾಗ ಸೆನ್ಸರ್ ಕೊಡುವುದು 1.7 ವೋಲ್ಟ್, ಪಿನ್ನಿಗೆ ಬರಬೇಕಾದ್ದು 0.85. ರೆಸಿಸ್ಟರುಗಳ ವ್ಯತ್ಯಾಸದಿಂದ ಅನುಪಾತ 0.5ರ ಬದಲು 0.525 ಆಗಿದ್ದರೆ ಪಿನ್ನಿಗೆ 0.89 ಬಂದು, ಪ್ರೋಗ್ರಾಮು ಅದನ್ನು 3.2 ಬಾರ್ ಎಂದು ತೋರಿಸುತ್ತದೆ. 10 ಬಾರ್ ಇದ್ದಾಗ ಅದೇ ವ್ಯತ್ಯಾಸ ಅರ್ಧ ಬಾರಿಗೂ ಮೀರುತ್ತದೆ. ಇದಕ್ಕೆ ಮದ್ದು ಸುಲಭ. ಶೇಕಡಾ 1ರ ರೆಸಿಸ್ಟರ್ ಕೊಳ್ಳಬಹುದು. 10 ಕಿಲೋಓಮಿನದಾದರೆ ಅದರ ಮೇಲೆ ಕಂದು, ಕಪ್ಪು, ಕಪ್ಪು, ಕೆಂಪು, ಕಂದು ಪಟ್ಟಿಗಳಿರುತ್ತವೆ. ಅಥವಾ ಕೈಯಲ್ಲಿರುವುದನ್ನೇ ಬೆಸೆಯುವ ಮೊದಲು ಮಲ್ಟಿಮೀಟರಿನಲ್ಲಿ ಅಳೆಯಬಹುದು. ಮೇಲಿನದು 9.88, ಕೆಳಗಿನದು 10.07 ಬಂತು ಎನ್ನೋಣ. ಆಗ ಅನುಪಾತ 10.07ನ್ನು 19.95ರಿಂದ ಭಾಗಿಸಿದಷ್ಟು, ಎಂದರೆ 0.505. ಪ್ರೋಗ್ರಾಮಿನಲ್ಲಿ ಅರ್ಧದ ಬದಲು ಅದನ್ನೇ ಬರೆದರೆ ಆಯಿತು:

```
float pinV = analogReadMilliVolts(34) / 1000.0;
float bar  = (pinV / 0.505 - 0.5) / 0.4;
```

ಇಲ್ಲಿ 34ನೆಯ ಪಿನ್ ಆರಿಸಿದ್ದಕ್ಕೂ ಕಾರಣವಿದೆ. ಇಎಸ್‌ಪಿ32ರಲ್ಲಿ ಎರಡು ಎಡಿಸಿಗಳಿವೆ. ಎರಡನೆಯದನ್ನು ವೈಫೈ ಕೂಡ ಬಳಸಿಕೊಳ್ಳುವುದರಿಂದ, ವೈಫೈ ನಡೆಯುತ್ತಿರುವಾಗ ಅದರ ಅಳತೆಯನ್ನು ನೆಚ್ಚುವಂತಿಲ್ಲ. 32ರಿಂದ 39ರವರೆಗಿನ ಪಿನ್ನುಗಳು ಮೊದಲನೆಯ ಎಡಿಸಿಗೆ ಸೇರಿದವು.

ಅನುಪಾತವನ್ನು ಕೆಡಿಸುವ ಇನ್ನೊಂದು ಸಂಗತಿ ರೆಸಿಸ್ಟರಿನ ಹೊರಗಿದೆ. ಡಿವೈಡರ್ ಸೆನ್ಸರಿನಿಂದ ಸ್ವಲ್ಪ ಕರೆಂಟು ಎಳೆಯುತ್ತದೆ. ಸೆನ್ಸರಿನ ಔಟ್‌ಪುಟ್ಟಿಗೇ 1 ಕಿಲೋಓಮಿನಷ್ಟು ಒಳರೋಧ ಇದ್ದರೆ ಅದೂ R1ರ ಜೊತೆ ಸೇರಿಕೊಳ್ಳುತ್ತದೆ. ಆಗ 10ನ್ನು ಭಾಗಿಸಬೇಕಾದ್ದು 20ರಿಂದ ಅಲ್ಲ, 21ರಿಂದ. 10 ಬಾರ್ ಇದ್ದಾಗ 9.5ಕ್ಕಿಂತ ತುಸು ಕಡಿಮೆ ತೋರಿಸುತ್ತದೆ. ಪರೀಕ್ಷೆ ಹೀಗೆ: ಒತ್ತಡ ಬದಲಾಗದಿರುವಾಗ ಸಿಗ್ನಲ್ ತಂತಿಯ ವೋಲ್ಟೇಜನ್ನು ಒಮ್ಮೆ ಡಿವೈಡರ್ ಜೋಡಿಸಿ, ಒಮ್ಮೆ ಬಿಡಿಸಿ ಅಳೆಯಿರಿ. ಎರಡೂ ಒಂದೇ ಬಂದರೆ ಚಿಂತೆಯಿಲ್ಲ. ಜೋಡಿಸಿದಾಗ ಇಳಿದರೆ ರೆಸಿಸ್ಟರುಗಳ ಬೆಲೆ ಹೆಚ್ಚಿಸಬೇಕು. ಹಾಗೆಂದು ಒಂದೊಂದು ಮೆಗಾಓಮ್ ಹಾಕಿದರೆ ಇನ್ನೊಂದು ಬದಿ ಕೆಡುತ್ತದೆ. ಎಡಿಸಿ ಪ್ರತಿ ಬಾರಿ ಅಳೆಯುವಾಗ ತನ್ನೊಳಗಿನ ಪುಟ್ಟ ಕೆಪಾಸಿಟರನ್ನು ತುಂಬಿಕೊಳ್ಳಬೇಕು. ದೊಡ್ಡ ರೋಧದ ಮೂಲಕ ಅದು ಸಮಯಕ್ಕೆ ಸರಿಯಾಗಿ ತುಂಬುವುದಿಲ್ಲ. ಹತ್ತರಿಂದ ಕೆಲವು ಹತ್ತು ಕಿಲೋಓಮ್‌ಗಳ ನಡುವೆ ಇದ್ದು, ಪಿನ್ ಮತ್ತು ಗ್ರೌಂಡಿನ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಅಂಕಿಗಳ ಕುಣಿತವೂ ತಗ್ಗುತ್ತದೆ.

ಇಷ್ಟಾದ ಮೇಲೂ ಪಿನ್ನಿಗೆ ತಂತಿ ಕೊಡುವ ಮುನ್ನ ಒಂದು ಪರೀಕ್ಷೆ ಬಾಕಿ. ಸೆನ್ಸರನ್ನು ಬಿಡಿಸಿ, ಡಿವೈಡರಿನ ಮೇಲಿನ ತುದಿಯನ್ನು ನೇರವಾಗಿ 5 ವೋಲ್ಟಿಗೆ ಜೋಡಿಸಿ, ನಡುವಿನ ಬಿಂದುವನ್ನು ಮಲ್ಟಿಮೀಟರಿನಲ್ಲಿ ನೋಡಬೇಕು. ಇದು ಸೆನ್ಸರ್ ಪೂರ್ತಿ ಕೆಟ್ಟಾಗಿನ ಸ್ಥಿತಿ. 2.5ರ ಆಸುಪಾಸು ಬಂದರೆ ಸರಿ. ಐದೇ ಬಂದರೆ ಗ್ರೌಂಡ್ ತಂತಿ ಸೇರಿಲ್ಲ. ಸೊನ್ನೆ ಬಂದರೆ ಮೇಲಿನ ಬೆಸುಗೆ ಬಿಟ್ಟಿದೆ.

ಡಿವೈಡರಿನ ಲೆಕ್ಕ ಸರಿಪಡಿಸಲಾಗದ ದೋಷವೂ ಒಂದಿದೆ. ಈ ಬಗೆಯ ಸೆನ್ಸರುಗಳಲ್ಲಿ ಹಲವು ತಮಗೆ ಸಿಕ್ಕಿದ ಪೂರೈಕೆಯ ಅನುಪಾತದಲ್ಲಿ ಉತ್ತರ ಕೊಡುತ್ತವೆ. ತೆಳು ಕೇಬಲ್ಲಿನಲ್ಲಿ ವೋಲ್ಟೇಜ್ ಸೋರಿ 5ರ ಬದಲು 4.75 ತಲುಪಿದರೆ, 3 ಬಾರಿನ 1.7 ವೋಲ್ಟ್ 1.615ಕ್ಕೆ ಇಳಿಯುತ್ತದೆ. ಪರದೆಯ ಮೇಲೆ ಕಾಣುವುದು 2.79 ಬಾರ್. ಅನುಪಾತವನ್ನು ಎಷ್ಟು ತಿದ್ದಿದರೂ ಪೂರೈಕೆ ಬದಲಾದಾಗ ಮತ್ತೆ ತಪ್ಪುತ್ತದೆ. ಅದಕ್ಕೆ ಸೆನ್ಸರಿನ ಬುಡದಲ್ಲೇ ಪೂರೈಕೆಯನ್ನು ಅಳೆದು ನೋಡಬೇಕು. ಅದು ಸ್ಥಿರವಾಗಿಲ್ಲದಿದ್ದರೆ ಇನ್ನೊಂದು ಡಿವೈಡರ್ ಮೂಲಕ ಆ ಪೂರೈಕೆಯನ್ನೂ ಬೋರ್ಡಿಗೆ ಓದಿಸಿ ಲೆಕ್ಕದಲ್ಲಿ ಸೇರಿಸಬೇಕು.

ಕೊನೆಯ ತಪಾಸಣೆ ಫಿಲ್ಟರಿನ ಮುಳ್ಳಿನ ಗೇಜಿನ ಜೊತೆ. ಮೋಟಾರು ನಿಲ್ಲಿಸಿ ಪೈಪು ಖಾಲಿ ಮಾಡಿದಾಗ ಪಿನ್ನಿನಲ್ಲಿ 0.25 ವೋಲ್ಟ್, ಪರದೆಯಲ್ಲಿ ಸೊನ್ನೆ ಇರಬೇಕು. ಸೊನ್ನೆಯಲ್ಲಿ ಹೆಚ್ಚು ಕಡಿಮೆ ಹೊಂದಿಕೊಂಡು, ಒತ್ತಡ ಏರಿದಂತೆ ವ್ಯತ್ಯಾಸವೂ ಏರುತ್ತಾ ಹೋದರೆ ಅನುಪಾತ ತಪ್ಪಾಗಿದೆ ಅಥವಾ ಪೂರೈಕೆ 5 ವೋಲ್ಟಿಲ್ಲ. ಮಧ್ಯದವರೆಗೆ ಸರಿಯಿದ್ದು ಮೇಲೆ ಮಾತ್ರ ಅಂಕಿ ಮುಂದೆ ಹೋಗದಿದ್ದರೆ ಎಡಿಸಿಯ ವ್ಯಾಪ್ತಿ ಮುಗಿದಿದೆ. ಮೋಟಾರು ಶುರುವಾದ ಕ್ಷಣ ಮಾತ್ರ ಅಂಕಿ ಹಾರಾಡಿದರೆ ಪೂರೈಕೆಯ ಅಥವಾ ಗ್ರೌಂಡಿನ ತಂತಿಯನ್ನು ಶಂಕಿಸಬೇಕು. ಪರದೆಯಲ್ಲಿ ಸೊನ್ನೆಗಿಂತ ಸ್ಪಷ್ಟವಾಗಿ ಕೆಳಗಿನ ಮೈನಸ್ ಅಂಕಿ ಕಂಡರೆ ಸಿಗ್ನಲ್ ತಂತಿ ಕಡಿದಿದೆ, ಅಥವಾ ಸೆನ್ಸರಿಗೆ ಕರೆಂಟೇ ಹೋಗುತ್ತಿಲ್ಲ. ಕೆಳಗಿನ ರೆಸಿಸ್ಟರ್ ಪಿನ್ನನ್ನು ಸೊನ್ನೆ ವೋಲ್ಟಿಗೆ ಎಳೆದಿರುವುದರಿಂದ ಬಂದ ಅಂಕಿ ಅದು. ಒತ್ತಡವಿಲ್ಲದಾಗಲೂ ಸೆನ್ಸರ್ 0.5 ವೋಲ್ಟ್ ಕೊಡುವಂತೆ ಮಾಡಿರುವುದರಿಂದಲೇ ಖಾಲಿ ಪೈಪನ್ನೂ ಕಡಿದ ತಂತಿಯನ್ನೂ ಹೀಗೆ ಬೇರೆ ಬೇರೆಯಾಗಿ ಗುರುತಿಸಲು ಸಾಧ್ಯ. ಆದ್ದರಿಂದ ಪ್ರೋಗ್ರಾಮಿನಲ್ಲಿ ಮೈನಸ್ ಅಂಕಿಗಳನ್ನು ಸೊನ್ನೆ ಎಂದು ತಿದ್ದಿ ತೋರಿಸಬಾರದು, ದೋಷ ಎಂದೇ ತೋರಿಸಬೇಕು.