ಒಂದು ರೂಪಾಯಿ ಹೆಚ್ಚು ಬಡ್ಡಿ, ಐದು ಲಕ್ಷದ ಭದ್ರತೆ

ಎಲ್ಲೂರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳು ಪಿಯುಸಿ ಓದುತ್ತಿದ್ದಾಳೆ. ಅವಳ ಮುಂದಿನ ಓದಿಗೆಂದು ಅಪ್ಪ ಕೂಡಿಟ್ಟ 4,80,000 ರೂಪಾಯಿ ಕೈಯಲ್ಲಿದೆ. ಕಾಪುವಿನ ವಾಣಿಜ್ಯ ಬ್ಯಾಂಕ್ ಶೇಕಡಾ 7 ಬಡ್ಡಿ ಕೊಡುತ್ತದೆ, ಪಕ್ಕದ ಸಹಕಾರಿ ಸಂಸ್ಥೆ ಶೇಕಡಾ 8 ಎನ್ನುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 4,800 ರೂಪಾಯಿ ಹೆಚ್ಚು. ಬಿಡುವುದೇಕೆ ಎನಿಸುವುದು ಸಹಜ.

ಉಡುಪಿಯ ಜನಕ್ಕೆ ಬ್ಯಾಂಕು ಹೊಸದಲ್ಲ. ಇಲ್ಲೇ 1906ರಲ್ಲಿ ಕಾರ್ಪೊರೇಶನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದವು. 2020ರಲ್ಲಿ ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿ, ಎರಡನೆಯದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಆದರೂ ಒಂದು ವ್ಯತ್ಯಾಸವನ್ನು ನಮ್ಮವರು ಹಲವು ಸಲ ಮರೆಯುತ್ತಾರೆ: ಸಹಕಾರಿ ಬ್ಯಾಂಕು ಬೇರೆ, ಸಹಕಾರಿ ಸೊಸೈಟಿ ಬೇರೆ.

ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮಾ ನಿಗಮವು ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ಕೊಡುತ್ತದೆ. 2020ರ ಫೆಬ್ರವರಿಗೆ ಮೊದಲು ಈ ಮಿತಿ 1 ಲಕ್ಷವಿತ್ತು. ವಾಣಿಜ್ಯ ಬ್ಯಾಂಕಿಗೂ ಸಹಕಾರಿ ಬ್ಯಾಂಕಿಗೂ ಈ ರಕ್ಷಣೆ ಒಂದೇ. ಆದರೆ ಗ್ರಾಮದ ಕೃಷಿ ಪತ್ತಿನ ಸಂಘ, ಕ್ರೆಡಿಟ್ ಸೊಸೈಟಿ, ಸೌಹಾರ್ದ ಸಹಕಾರಿಗಳಿಗೆ ಇದು ಅನ್ವಯಿಸುವುದಿಲ್ಲ. ಹಾಗೆಂದು ಅವೆಲ್ಲ ಕೆಟ್ಟವೆಂದಲ್ಲ. ಅಲ್ಲಿ ಹಣಕ್ಕೆ ಸಂಘದ ಆಡಳಿತ ಮತ್ತು ಸಾಲ ವಸೂಲಿಯೇ ಆಧಾರ.

ಆ ಶೇಕಡಾ 8 ಕೊಡುವುದು ಸಹಕಾರಿ ಬ್ಯಾಂಕೇ ಆದರೂ ಲೆಕ್ಕ ನೋಡಬೇಕು. ಒಂದು ವರ್ಷಕ್ಕೆ ಬಡ್ಡಿ 38,400 ಸೇರಿದರೆ ಮೊತ್ತ 5,18,400 ಆಗುತ್ತದೆ. ವಿಮೆ ಅಸಲು, ಬಡ್ಡಿ ಎರಡಕ್ಕೂ ಸೇರಿ 5 ಲಕ್ಷ. ಉಳಿದ 18,400 ರೂಪಾಯಿ ವಿಮೆಯ ಹೊರಗೆ. ಅದೇ ಬ್ಯಾಂಕಿನ ಇನ್ನೊಂದು ಶಾಖೆಯಲ್ಲಿಟ್ಟರೂ ಪ್ರಯೋಜನವಿಲ್ಲ, ಎಲ್ಲವನ್ನೂ ಕೂಡಿಸಿಯೇ ಎಣಿಸುತ್ತಾರೆ. ಬೇರೆ ಬ್ಯಾಂಕಿನಲ್ಲಿಟ್ಟರೆ ಪ್ರತ್ಯೇಕ ಮಿತಿ ಸಿಗುತ್ತದೆ.

ವಿಮೆ ಇದ್ದರೂ ಕಾಯುವ ಕಷ್ಟ ತಪ್ಪದು. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಂದಾಗ ಖಾತೆಯಿಂದ ತೆಗೆಯಲು ಅವಕಾಶವಿದ್ದದ್ದು 35,000 ರೂಪಾಯಿ ಮಾತ್ರ. 2021ರ ತಿದ್ದುಪಡಿಯ ಬಳಿಕ, ಇಂಥ ನಿರ್ಬಂಧ ಬಂದರೆ ವಿಮಾ ಹಣವನ್ನು ಸಾಮಾನ್ಯವಾಗಿ 90 ದಿನಗಳೊಳಗೆ ಕೊಡಬೇಕೆಂಬ ನಿಯಮವಿದೆ. ಆದರೆ ಕಾಲೇಜಿನ ಶುಲ್ಕದ ಗಡುವು ಅಷ್ಟು ದಿನ ಕಾಯುತ್ತದೆಯೇ?

ಸೇವೆಯಲ್ಲಿ ಸಹಕಾರಿ ಸಂಸ್ಥೆಗೆ ತನ್ನದೇ ಬಲವಿದೆ. ಪರಿಚಯದ ಮುಖ, ಬೇಗ ಸಿಗುವ ಚಿನ್ನದ ಸಾಲ, ಬಾಗಿಲಿಗೆ ಬರುವ ಪಿಗ್ಮಿ ಸಂಗ್ರಾಹಕ. ಈ ಪಿಗ್ಮಿ ಮಾತ್ರ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ್ದು. ಶಿಕ್ಷಣ ಸಾಲಕ್ಕಾದರೆ ವಾಣಿಜ್ಯ ಬ್ಯಾಂಕೇ ಅನುಕೂಲ, ಅಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡವಿಡದೆ ಸಾಲ ಸಿಗುವ ಯೋಜನೆಗಳಿವೆ.

ಹಾಗಾಗಿ ಶುಲ್ಕದ ಹಣ ವಿಮೆಯುಳ್ಳ ಬ್ಯಾಂಕಿನಲ್ಲಿ, ಎರಡು ಕಡೆ ಹಂಚಿ ಇರಲಿ. ದಿನದ ಉಳಿತಾಯ ಸೊಸೈಟಿಯಲ್ಲಿದ್ದರೆ ಅಡ್ಡಿಯಿಲ್ಲ. ಠೇವಣಿ ಇಡುವ ಮೊದಲು ಕೌಂಟರಿನಲ್ಲಿ ಒಂದೇ ಮಾತು ಕೇಳಿದರಾಯಿತು: "ಇಲ್ಲಿ ಠೇವಣಿಗೆ ವಿಮೆ ಉಂಟಾ?" ಉಂಟು ಎಂದರೆ ನಿಗಮದ ಪಟ್ಟಿಯಲ್ಲಿ ಆ ಹೆಸರಿದೆಯೇ ಎಂದು ಮಗಳೇ ನೋಡಿಬಿಡಲಿ.